(x − 1) ಎರಡು ಸಲ ಬಂದಾಗ A, B, C ಇಡುವುದು ಹೇಗೆ? x = 1 ಹಾಕಿದರೆ 12 = 0 ಬರುತ್ತಿದೆ

ಪಿಯು_ಎರಡನೇ_ವರ್ಷ

ಇಂಟಿಗ್ರೇಷನ್‌ಗೆ ಮುಂಚೆ ಆಂಶಿಕ ಭಿನ್ನರಾಶಿಯಾಗಿ ಒಡೆಯಬೇಕಾದ ಲೆಕ್ಕ. ಕೊಟ್ಟಿರುವುದು:

```
(x² + 9x + 2) / [(x − 1)(x² + 2x − 3)]
```

ಎರಡನೇ ಆವರಣ (x − 1)(x + 3) ಆಗುತ್ತದೆ. ಅಲ್ಲಿಗೆ ಛೇದದಲ್ಲಿ ಒಟ್ಟು ಮೂರು ಅಪವರ್ತನಗಳು. ಒಂದೊಂದಕ್ಕೆ ಒಂದೊಂದು ಅಕ್ಷರ ಕೊಟ್ಟು ಹೀಗೆ ಬರೆದೆ:

```
A/(x + 3) + B/(x − 1) + C/(x − 1)
```

ಇಡೀ ಛೇದದಿಂದ ಗುಣಿಸಿ x = −3 ಹಾಕಿದಾಗ A = −1 ಬಂತು. ಪುಸ್ತಕದ ಹಿಂದಿನ ಉತ್ತರದಲ್ಲೂ −1 ಇದೆ. ಆಮೇಲೆ x = 1 ಹಾಕಿದರೆ ಎಡಗಡೆ 1 + 9 + 2 = 12, ಬಲಗಡೆ ಎಲ್ಲ ಪದಗಳೂ ಸೊನ್ನೆ. ಅಪವರ್ತನ ಸರಿ ಇದೆಯಾ ಅಂತ ಮತ್ತೆ ಗುಣಿಸಿ ನೋಡಿದೆ, ಸರಿಯಾಗಿಯೇ ಇದೆ. ತಪ್ಪು ಎಲ್ಲಾಗಿದೆ ಅಂತ ದಯವಿಟ್ಟು ಹೇಳಿ.

---

ಸಂಜೆ_ಟ್ಯೂಷನ್

B ಮತ್ತು C ಎರಡಕ್ಕೂ ಒಂದೇ ಛೇದ ಇಟ್ಟಿದ್ದೀರಿ, ತಪ್ಪು ಅದೇ. (x − 1) ಎರಡು ಸಲ ಇದ್ದರೆ ಅದು (x − 1)². ಅದನ್ನು ಒಂದೇ ಅಪವರ್ತನ ಅಂತ ತೆಗೆದುಕೊಳ್ಳಿ:

```
A/(x + 3) + B/(x − 1)²
```

ಈಗ x² + 9x + 2 = A(x − 1)² + B(x + 3). x = −3 ಹಾಕಿದರೆ −16 = 16A, A = −1. x = 1 ಹಾಕಿದರೆ 12 = 4B, B = 3. ಎರಡೂ ಬೆಲೆ ಸಿಕ್ಕವು, 12 = 0 ಅನ್ನುವ ತಕರಾರೂ ಇಲ್ಲ.

---

ಮಲೆನಾಡು_ಗಣಿತ

ಸಂಜೆ_ಟ್ಯೂಷನ್ ಅವರೇ, ಮೊದಲ ವಾಕ್ಯ ಸರಿ. B, C ಎರಡರ ಕೆಳಗೂ (x − 1) ಇಟ್ಟರೆ ಅದು (B + C)/(x − 1) ಎಂದಷ್ಟೇ ಆಗುತ್ತದೆ. ಅಕ್ಷರ ಮೂರು ಕಂಡರೂ ನಿಜಕ್ಕೂ ಇರುವುದು ಎರಡೇ. ಆ ಎರಡು ಪದಗಳನ್ನು ಕೂಡಿಸಿದರೆ ಛೇದದಲ್ಲಿ (x − 1)² ಹುಟ್ಟುವುದೇ ಇಲ್ಲ. ಎಡಗಡೆ (x − 1)² ಇದೆ, ಬಲಗಡೆ ಅದು ಬರಲು ದಾರಿಯೇ ಇಲ್ಲ. 12 = 0 ಹೇಳುತ್ತಿರುವುದು ಇದನ್ನೇ.

ಆದರೆ ನೀವು ಕೊಟ್ಟ ಉತ್ತರವೂ ತಪ್ಪು. ಇದು ಮೊದಲಿನದಕ್ಕಿಂತ ಅಪಾಯದ ತಪ್ಪು, ಯಾಕೆಂದರೆ ಎಲ್ಲೂ ತಡೆಯಾಗದೆ ಬೆಲೆಗಳು ಬಂದುಬಿಡುತ್ತವೆ. x = 0 ಹಾಕಿ ನೋಡಿ. ಎಡಗಡೆ 2. ಬಲಗಡೆ A + 3B = −1 + 9 = 8. ಸಮ ಇಲ್ಲ. ಅಂಶದಲ್ಲಿರುವ x² ಪದ ನೋಡಿದರೂ ಗೊತ್ತಾಗುತ್ತದೆ. ಎಡಗಡೆ ಅದರ ಸಹಗುಣಕ 1, ಬಲಗಡೆ x² ಬರುವುದು A(x − 1)² ಒಂದರಿಂದಲೇ, ಅಂದರೆ −1.

ಎರಡು ಅಕ್ಷರಕ್ಕೆ ಎರಡೇ ಬೆಲೆ ಹಾಕಿ ನೋಡಿದ್ದರಿಂದ ತಪ್ಪು ಸಿಗಲಿಲ್ಲ. ಎರಡು ಸಮೀಕರಣ, ಎರಡು ಅವ್ಯಕ್ತ ಇದ್ದರೆ ಸಾಮಾನ್ಯವಾಗಿ ಏನೋ ಒಂದು ಉತ್ತರ ಬಂದೇ ಬರುತ್ತದೆ. ನಮಗೆ ಬೇಕಾದ್ದು ಎಲ್ಲ x ಗೂ ನಿಲ್ಲುವ ನಿತ್ಯಸಮೀಕರಣ. ಅಂಶದಲ್ಲಿ x², x, ಸ್ಥಿರಸಂಖ್ಯೆ ಹೀಗೆ ಮೂರು ಸಹಗುಣಕಗಳಿವೆ, ಮೂರನ್ನೂ ಸ್ವತಂತ್ರವಾಗಿ ಹೊಂದಿಸಲು ಮೂರು ಅಕ್ಷರ ಬೇಕು.

ಸರಿಯಾದ ಜೋಡಣೆ:

```
A/(x + 3) + B/(x − 1) + C/(x − 1)²
```

---

ಪಿಯು_ಎರಡನೇ_ವರ್ಷ

ಸರ್, ಈ ರೂಪ ಪುಸ್ತಕದ ಪಟ್ಟಿಯಲ್ಲಿ ಇದೆ. ಆದರೆ (x − 1)² ಇರುವಾಗ ಬರೀ (x − 1) ಇರುವ ಪದ ಯಾಕೆ ಮತ್ತೆ ಬೇಕು ಅನ್ನುವುದೇ ಅರ್ಥವಾಗುತ್ತಿಲ್ಲ. ಕೊಟ್ಟ ಲೆಕ್ಕದ ಛೇದದಲ್ಲಿ ಇರುವುದು ವರ್ಗ ತಾನೇ?

---

ಮಲೆನಾಡು_ಗಣಿತ

ಒಂದೊಂದೇ ಮೆಟ್ಟಿಲು ಇಳಿದು ನೋಡೋಣ, ಆಗ ಪಟ್ಟಿ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

x = 1 ರ ಹತ್ತಿರ ನಮ್ಮ ಭಿನ್ನರಾಶಿ ಹೇಗೆ ನಡೆದುಕೊಳ್ಳುತ್ತದೆ? (x − 1)² ಅನ್ನು ಬೆರಳಿನಿಂದ ಮುಚ್ಚಿ, ಉಳಿದದ್ದರಲ್ಲಿ x = 1 ಹಾಕಿ. 12/4 = 3. ಅಂದರೆ ಅಲ್ಲಿ ಅದು ಹೆಚ್ಚುಕಡಿಮೆ 3/(x − 1)² ಥರ ಇದೆ. ಆ ಭಾಗವನ್ನು ಕಳೆದುಬಿಡೋಣ:

```
x² + 9x + 2 − 3(x + 3) = x² + 6x − 7 = (x − 1)(x + 7)
```

ಇಲ್ಲಿ ಸ್ವಲ್ಪ ನಿಲ್ಲಿ. ಕಳೆದ ಮೇಲೆ ಅಂಶದಲ್ಲಿ (x − 1) ತಾನಾಗಿ ಬಂತು. ಇದು ಆಕಸ್ಮಿಕ ಅಲ್ಲ. x = 1 ರಲ್ಲಿ ಅಂಶ ಸೊನ್ನೆ ಆಗುವ ಹಾಗೆಯೇ ನಾವು 3 ಅನ್ನು ಆರಿಸಿಕೊಂಡದ್ದು. ಸೊನ್ನೆ ಆದರೆ (x − 1) ಅಪವರ್ತನ ಇದ್ದೇ ಇರುತ್ತದೆ. ಅದು ಛೇದದ ಒಂದು (x − 1) ಜೊತೆ ಹೊಡೆದುಹೋಗುತ್ತದೆ:

```
(x + 7) / [(x + 3)(x − 1)]
```

ಹೊಡೆದುಹೋದದ್ದು ಒಂದೇ. ಇನ್ನೊಂದು (x − 1) ಕೆಳಗೆ ಕೂತಿದೆ, ಅದಕ್ಕೂ ಒಂದು ಪದ ಕೊಡಬೇಕು. B/(x − 1) ಹುಟ್ಟುವುದು ಇಲ್ಲಿ. ಈಗ ಉಳಿದಿರುವುದು ಬೇರೆ ಬೇರೆ ಅಪವರ್ತನಗಳ ಸುಲಭ ಲೆಕ್ಕ. x = 1 ರಲ್ಲಿ 8/4 = 2, x = −3 ರಲ್ಲಿ 4/(−4) = −1.

```
−1/(x + 3) + 2/(x − 1) + 3/(x − 1)²
```

ಘಾತ 3 ಇದ್ದಿದ್ದರೆ ಇದೇ ಇಳಿತ ಮೂರು ಮೆಟ್ಟಿಲು: ಮೊದಲು ಘನದ ಪದ, ಆಮೇಲೆ ವರ್ಗದ್ದು, ಕೊನೆಗೆ ಒಂಟಿಯದು. ಮೇಲಿನ ಘಾತದಿಂದ 1 ರವರೆಗೆ ಪ್ರತಿ ಘಾತಕ್ಕೂ ಒಂದು ಪದ ಇಡುವುದಕ್ಕೆ ಕಾರಣ ಇಷ್ಟೇ. ಮಧ್ಯದ ಯಾವುದೋ ಒಂದು ಸೊನ್ನೆ ಬರಬಹುದು, ಬರಲಿ. ಉದಾಹರಣೆಗೆ (x + 1)/(x − 1)³ ಅಂದರೆ 1/(x − 1)² + 2/(x − 1)³, ಅಲ್ಲಿ 1/(x − 1) ರ ಸಹಗುಣಕ ಸೊನ್ನೆ. ಆದರೆ ಅದು ಸೊನ್ನೆ ಅಂತ ತೀರ್ಮಾನಿಸಬೇಕಾದ್ದು ಲೆಕ್ಕ. ಮೊದಲೇ ಪದವನ್ನೇ ಬಿಟ್ಟರೆ ನಾವೇ ತೀರ್ಮಾನಿಸಿದಂತೆ ಆಗುತ್ತದೆ. ಸಂಜೆ_ಟ್ಯೂಷನ್ ಅವರ ಜೋಡಣೆಯಲ್ಲಿ ಆದದ್ದು ಅದೇ: 2 ಆಗಬೇಕಿದ್ದ B ಅನ್ನು ಗೊತ್ತಿಲ್ಲದೆ ಸೊನ್ನೆ ಮಾಡಿದರು.

---

ಸಂಜೆ_ಟ್ಯೂಷನ್

ಒಪ್ಪಿದೆ. ಆದರೆ ನನಗೆ ಬಂದ −1 ಮತ್ತು 3 ಎರಡೂ ನಿಮ್ಮ ಉತ್ತರದಲ್ಲೂ ಇವೆ! ತಪ್ಪು ಜೋಡಣೆಯಿಂದ ಸರಿ ಬೆಲೆ ಹೇಗೆ ಬಂತು?

---

ಮಲೆನಾಡು_ಗಣಿತ

ಒಳ್ಳೆಯ ಪ್ರಶ್ನೆ. ಸರಿಯಾದ ಜೋಡಣೆಯನ್ನು ಗುಣಿಸಿ ಬರೆಯಿರಿ:

```
x² + 9x + 2 = A(x − 1)² + B(x − 1)(x + 3) + C(x + 3)
```

ನೀವು ಬಿಟ್ಟದ್ದು B ಇರುವ ನಡುವಿನ ಪದ. ಅದರಲ್ಲಿ (x − 1), (x + 3) ಎರಡೂ ಇವೆ. x = 1 ಹಾಕಿದರೂ x = −3 ಹಾಕಿದರೂ ಅದು ಸೊನ್ನೆ. ಹಾಗಾಗಿ ಆ ಎರಡು ಜಾಗದಲ್ಲಿ ಅದು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣುವುದಿಲ್ಲ. ಬೇರೆ ಎಲ್ಲಿ ನೋಡಿದರೂ ಕಾಣುತ್ತದೆ. x = 0 ರಲ್ಲಿ ಆ ಪದ 2 × (−1) × 3 = −6, ಅದನ್ನು 8 ಕ್ಕೆ ಸೇರಿಸಿದರೆ 2. ಸರಿಹೋಯಿತು.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಛೇದವನ್ನು ಸೊನ್ನೆ ಮಾಡುವ ಬೆಲೆಗಳು ಎರಡೇ, ಅವು −3 ಮತ್ತು 1. ಅವುಗಳಿಂದ B ಎಂದೂ ಸಿಗುವುದಿಲ್ಲ. ಮುಚ್ಚಿ ನೋಡುವ ವಿಧಾನ ಪುನರಾವರ್ತಿತ ಅಪವರ್ತನದ ಅತಿ ದೊಡ್ಡ ಘಾತದ ಪದಕ್ಕೆ ಮಾತ್ರ ಕೆಲಸ ಮಾಡುತ್ತದೆ. B ಗೆ ಬೇರೆ ದಾರಿ ಬೇಕು. ಅತಿ ಚಿಕ್ಕ ದಾರಿ x² ರ ಸಹಗುಣಕ ಹೋಲಿಸುವುದು: 1 = A + B, A = −1 ಇರುವುದರಿಂದ B = 2. ಒಂದೇ ಸಾಲು. x = 0 ಹಾಕಿದರೂ ಆಗುತ್ತದೆ: 2 = A − 3B + 3C = −1 − 3B + 9, ಅಲ್ಲಿಂದಲೂ B = 2.

ಎರಡರಲ್ಲಿ ಒಂದನ್ನು B ಕಂಡುಹಿಡಿಯಲು ಬಳಸಿ, ಇನ್ನೊಂದನ್ನು ತಾಳೆ ನೋಡಲು ಉಳಿಸಿಕೊಳ್ಳಿ. ಬೆಲೆ ಕಂಡುಹಿಡಿಯಲು ಬಳಸಿದ x ಅನ್ನೇ ತಾಳೆಗೂ ಬಳಸಿದರೆ ಅದು ಯಾವಾಗಲೂ ಸರಿ ಅಂತಲೇ ತೋರಿಸುತ್ತದೆ.

---

ಧಾರವಾಡದಿಂದ

ಇಷ್ಟ್ಯಾಕ ಎಳಿತೀರಿ? (x − 1)² ಅಂದ್ರ ವರ್ಗ ಬಹುಪದೋಕ್ತಿ. ವರ್ಗ ಬಹುಪದೋಕ್ತಿ ಕೆಳಗ ಇದ್ರ ಮ್ಯಾಲ Bx + C ಇಡಬೇಕು ಅಂತ ಎಲ್ಲಾರಿಗೂ ಗೊತ್ತೈತಿ:

```
A/(x + 3) + (Bx + C)/(x − 1)²
```

ಮೂರು ಅಕ್ಷರ, ಮೂರು ಸಮೀಕರಣ. ಬಿಡಿಸಿ ನೋಡ್ರಿ, A = −1, B = 2, C = 1 ಬರ್ತದ. x = 0 ಹಾಕಿದ್ರ ಎಡಕ್ಕ 2/3, ಬಲಕ್ಕ −1/3 + 1 = 2/3. ತಾಳಿ ಆತು.

---

ಮಲೆನಾಡು_ಗಣಿತ

ನಿಮ್ಮದೂ ಸರಿ ಇದೆ, ಸುಳ್ಳಲ್ಲ. 2x + 1 = 2(x − 1) + 3 ಅಂತ ಬರೆದರೆ (2x + 1)/(x − 1)² ಅಂದರೆ 2/(x − 1) + 3/(x − 1)². ಎರಡು ರೂಪವೂ ಒಂದೇ ವಸ್ತು. ನಿಮ್ಮ ರೂಪ ಅರ್ಧ ದಾರಿಯಲ್ಲಿ ನಿಂತಿದೆ ಅಷ್ಟೇ. ಇಂಟಿಗ್ರೇಟ್ ಮಾಡಲು ಹೇಗಿದ್ದರೂ ಮತ್ತೆ ಒಡೆಯಬೇಕು, ಯಾಕೆಂದರೆ (2x + 1)/(x − 1)² ಕ್ಕೆ ನೇರ ಸೂತ್ರ ಇಲ್ಲ.

ನನ್ನ ಆತಂಕ ಬೇರೆ. ಈ ರೂಪ ಕಲಿತವರು ಎರಡು ನಿಯಮವನ್ನೂ ಬೆರೆಸಿ ಹೀಗೆ ಬರೆಯುತ್ತಾರೆ:

```
A/(x + 3) + B/(x − 1) + (Cx + D)/(x − 1)²
```

ಇಲ್ಲಿ ನಾಲ್ಕು ಅಕ್ಷರ, ಆದರೆ ಸಮೀಕರಣ ಮೂರೇ. A = −1 ಸಿಗುತ್ತದೆ. ಉಳಿದ ಭಾಗದಲ್ಲಿ B(x − 1) + Cx + D = 2x + 1 ಆಗಬೇಕು, ಅಂದರೆ B + C = 2, D − B = 1. B ಗೆ ಏನು ಬೇಕಾದರೂ ಹಾಕಬಹುದು. B = 0 ಆದರೆ C = 2, D = 1. B = 5 ಆದರೆ C = −3, D = 6. ಎಲ್ಲವೂ ತಾಳೆ ಆಗುತ್ತವೆ. ವಿದ್ಯಾರ್ಥಿ ಸಮೀಕರಣ ಬಿಡಿಸುತ್ತ ಹೋಗಿ ಕೊನೆಗೆ 0 = 0 ಗೆ ಬಂದು ನಿಲ್ಲುತ್ತಾನೆ, ಎಲ್ಲೋ ಕೂಡುವುದರಲ್ಲಿ ತಪ್ಪಿದೆ ಅಂದುಕೊಳ್ಳುತ್ತಾನೆ. ಕೂಡುವುದರಲ್ಲಿ ತಪ್ಪಿರುವುದಿಲ್ಲ, ಅಕ್ಷರ ಒಂದು ಹೆಚ್ಚಾಗಿರುತ್ತದೆ.

ಹಾಗಾಗಿ ಬಿಡಿಸಲು ಶುರುಮಾಡುವ ಮುಂಚೆ ಎಣಿಸುವುದು ಒಳ್ಳೆಯದು. ಛೇದದ ಒಟ್ಟು ಘಾತ ಎಷ್ಟೋ ಅಷ್ಟೇ ಅಕ್ಷರ. ಇಲ್ಲಿ ಘಾತ 3, ಅಕ್ಷರ 3. ಕಡಿಮೆ ಇದ್ದರೆ ಕೆಲವು ಅಂಶಗಳಿಗೆ ಹೊಂದುವುದಿಲ್ಲ. ಹೆಚ್ಚಿದ್ದರೆ ಒಂದೇ ಉತ್ತರಕ್ಕೆ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ಮೊದಲ ಪೋಸ್ಟಿನ A, B, C ಜೋಡಣೆ ಈ ಎಣಿಕೆಯಲ್ಲಿ ಪಾಸಾಗುತ್ತದೆ. ಆದ್ದರಿಂದ ಎಣಿಸುವಾಗ ಒಂದೇ ಛೇದ ಎರಡು ಕಡೆ ಬಂದಿದೆಯಾ ಅಂತಲೂ ನೋಡಬೇಕು.

---

ಧಾರವಾಡದಿಂದ

ಎಣಿಸೋದು ಒಪ್ಪಿದೆ. ಆದ್ರೂ Bx + C ರೂಪದಾಗ ನೆನಪಿಡೋ ನಿಯಮ ಒಂದ ಅದ: ಕೆಳಗಿನ ತುಂಡಿನ ಘಾತಕ್ಕಿಂತ ಮ್ಯಾಲಿನ ಘಾತ ಒಂದು ಕಡಿಮಿ. (x − 1)³ ಇದ್ರ ಮ್ಯಾಲ Bx² + Cx + D. ಪುನರಾವರ್ತನ, ಒಡೆಯದ ವರ್ಗ, ಎಲ್ಲಾಕ್ಕೂ ಒಂದ ನಿಯಮ. ಹುಡುಗರಿಗೆ ನಾಲ್ಕು ಸಾಲಿನ ಪಟ್ಟಿ ಬಾಯಿಪಾಠ ಮಾಡಸೋದಕ್ಕಿಂತ ಇದು ಚಲೋ.

---

ಮಲೆನಾಡು_ಗಣಿತ

ಒಂದೇ ನಿಯಮ ಅನ್ನುವ ವಾದಕ್ಕೆ ತೂಕ ಇದೆ. ಆದರೂ ನಿಮ್ಮ C = 1 ಮತ್ತು ಮುಚ್ಚಿ ನೋಡಿದಾಗ ಬರುವ 3, ಇವೆರಡರ ನಡುವೆ ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ರೂಪದಲ್ಲಿ x = 1 ಹಾಕಿದರೆ ಸಿಗುವುದು B + C = 3, ಯಾವ ಅಕ್ಷರವೂ ನೇರವಾಗಿ ಸಿಗುವುದಿಲ್ಲ. ಮೆಟ್ಟಿಲು ರೂಪದಲ್ಲಿ ಅದೇ ಹೆಜ್ಜೆಗೆ C = 3 ಕೈಗೆ ಬರುತ್ತದೆ. ನಾನು ಮೆಟ್ಟಿಲನ್ನೇ ಕಲಿಸುವ ಪಕ್ಷ.

---

ಡಿಪ್ಲೊಮಾ_ಇಇ

ನನ್ನದೂ ಇದೇ ಥರದ್ದು, ಆದರೆ ಲಾಪ್ಲಾಸ್‌ನಲ್ಲಿ. 1/[s²(s + 2)] ಗೆ ವಿಲೋಮ ಲಾಪ್ಲಾಸ್ ಬೇಕು. ಇಲ್ಲಿ ಯಾವ ಅಪವರ್ತನವೂ ಎರಡು ಸಲ ಬಂದಿಲ್ಲ, s² ಇದೆ, s + 2 ಇದೆ. ಹಾಗಾಗಿ A/s² + B/(s + 2) ಇಟ್ಟೆ. A = 1/2, B = 1/4 ಬಂತು. ಉತ್ತರ t/2 + e^(−2t)/4. ಉತ್ತರಪಟ್ಟಿಯಲ್ಲಿ −1/4 ಅಂತ ಇನ್ನೊಂದು ಪದ ಇದೆ. ಅದು ಎಲ್ಲಿಂದ ಬಂತು? ಆರಂಭದ ಬೆಲೆಗಳಿಂದ ಬರುತ್ತದಾ?

---

ತುಂಗಾತೀರ

ಆರಂಭದ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಅದು ಒಡೆಯುವಾಗಲೇ ಬಿಟ್ಟುಹೋದ ಪದ. s² ಅಂದರೆ (s − 0)². ಸೊನ್ನೆ ಅನ್ನುವ ಮೂಲ ಎರಡು ಸಲ ಬಂದಿದೆ. ಕಣ್ಣಿಗೆ ಆವರಣ ಕಾಣದಿರುವುದರಿಂದ ಪುನರಾವರ್ತನ ಅಂತ ಹೊಳೆಯುವುದಿಲ್ಲ, ಅಷ್ಟೇ. ಛೇದದ ಘಾತ 3, ನೀವು ಇಟ್ಟ ಅಕ್ಷರ 2.

```
A/s + B/s² + C/(s + 2)
1 = A s(s + 2) + B(s + 2) + C s²
```

s = 0 ಹಾಕಿದರೆ B = 1/2. s = −2 ಹಾಕಿದರೆ C = 1/4. s² ರ ಸಹಗುಣಕ ಎಡಗಡೆ ಸೊನ್ನೆ, ಬಲಗಡೆ A + C, ಆದ್ದರಿಂದ A = −1/4. 1/s ರ ವಿಲೋಮ 1 ಆದ್ದರಿಂದ ಆ −1/4 ಒಂಟಿಯಾಗಿ ಬಂದಿದೆ:

```
f(t) = −1/4 + t/2 + e^(−2t)/4
```

ನಿಮ್ಮ ವಿಷಯದಲ್ಲಿ ತಾಳೆ ನೋಡಲು ಇನ್ನೂ ಸುಲಭದ ದಾರಿ ಇದೆ. F(s) ಅನ್ನು s ನಿಂದ ಗುಣಿಸಿ s ಅನ್ನು ಅನಂತಕ್ಕೆ ಕಳಿಸಿದರೆ t = 0 ರ ಬೆಲೆ ಸಿಗುತ್ತದೆ. ಇಲ್ಲಿ ಅದು ಸೊನ್ನೆ. ಮೇಲಿನ ಉತ್ತರದಲ್ಲಿ t = 0 ಹಾಕಿದರೆ −1/4 + 1/4 = 0, ಸರಿ. ನಿಮ್ಮ ಮೊದಲ ಉತ್ತರದಲ್ಲಿ 1/4 ಬರುತ್ತಿತ್ತು. ಅಷ್ಟರಲ್ಲೇ ತಪ್ಪು ಕಾಣುತ್ತಿತ್ತು.

---

ಡಿಪ್ಲೊಮಾ_ಇಇ

ಗೊತ್ತಾಯಿತು, ಧನ್ಯವಾದ. s³ ಇದ್ದರೆ A/s, B/s², C/s³ ಮೂರೂ ಬರೆಯಬೇಕು ಅಂತಾಯಿತು. ಪ್ರತಿ ಸಲ ಸಹಗುಣಕ ಹೋಲಿಸುತ್ತ ಕೂತರೆ ತುಂಬ ಉದ್ದ ಆಗುವುದಿಲ್ಲವಾ?

---

ತುಂಗಾತೀರ

ಘಾತ ದೊಡ್ಡದಾದಾಗ ನನಗೆ ಹಿಡಿಸುವುದು ಬೇರೆ ವಿಧಾನ. ಪುನರಾವರ್ತಿತ ಅಪವರ್ತನವನ್ನೇ ಹೊಸ ಅಕ್ಷರ ಮಾಡಿ, ಚಿಕ್ಕ ಘಾತದಿಂದ ಶುರುಮಾಡಿ ಭಾಗಿಸುವುದು. ಮೂಲ ಪ್ರಶ್ನೆಯ ಲೆಕ್ಕದಲ್ಲೇ ತೋರಿಸುತ್ತೇನೆ. t = x − 1 ಇಡಿ, ಅಂದರೆ x = t + 1. ಅಂಶ (t + 1)² + 9(t + 1) + 2, ಅದು 12 + 11t + t². ಛೇದ t²(4 + t). ಈಗ t² ಅನ್ನು ಬದಿಗಿಟ್ಟು 12 + 11t + t² ಅನ್ನು 4 + t ಯಿಂದ ಭಾಗಿಸಿ, ಆದರೆ ಮೊದಲು ಸ್ಥಿರಸಂಖ್ಯೆಯಿಂದ:

```
12 + 11t +  t²
12 +  3t            ← 3 × (4 + t)
      8t +  t²
      8t + 2t²      ← 2t × (4 + t)
          −t²
```

ಭಾಗಲಬ್ಧ 3 + 2t, ಶೇಷ −t². ಎಲ್ಲವನ್ನೂ t² ನಿಂದ ಭಾಗಿಸಿದರೆ 3/t² + 2/t − 1/(t + 4). t ಬದಲು x − 1 ಹಾಕಿದರೆ ಮುಗಿಯಿತು. ಸಮೀಕರಣ ಒಂದೂ ಬಿಡಿಸಲಿಲ್ಲ. ಘಾತ 4 ಇದ್ದರೆ ಭಾಗಲಬ್ಧದಲ್ಲಿ ನಾಲ್ಕು ಪದ ಬರುವವರೆಗೆ ಹೋಗಬೇಕು, ಅಷ್ಟಕ್ಕೆ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸುವುದು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ: ಶೇಷದಲ್ಲಿ ಅತಿ ಚಿಕ್ಕ ಘಾತ, ಬದಿಗಿಟ್ಟ ಘಾತಕ್ಕೆ ಸಮ ಆದಾಗ.

ಛೇದದಲ್ಲಿ ಬೇರೆ ಅಪವರ್ತನವೇ ಇಲ್ಲದಿದ್ದರೆ ಭಾಗಾಕಾರವೂ ಬೇಡ. x²/(x − 2)³ ತೆಗೆದುಕೊಳ್ಳಿ. t = x − 2 ಇಟ್ಟರೆ ಅಂಶ t² + 4t + 4. ಆಗಲೇ ಉತ್ತರ ಕಣ್ಣಮುಂದೆ ಇದೆ: 1/(x − 2) + 4/(x − 2)² + 4/(x − 2)³.

---

ಸಂಜೆ_ಟ್ಯೂಷನ್

B ಗೆ ಅವಕಲನದ ದಾರಿಯೂ ಇದೆಯಲ್ಲ. (x − 1)² ಮುಚ್ಚಿದ ಮೇಲೆ ಉಳಿಯುವುದು g(x) = (x² + 9x + 2)/(x + 3). g(1) = 3 ಅಂದರೆ C. g′(1) ಅಂದರೆ B. ಮಾಡಿ ನೋಡಿದೆ: (11 × 4 − 12 × 1)/16 = 32/16 = 2. ಸರಿ ಬಂತು. ಹಾಗಾದರೆ ಘನ ಇದ್ದರೆ g″(1) ಮೂರನೆಯದಾ?

---

ಮಲೆನಾಡು_ಗಣಿತ

ಹತ್ತಿರ ಬಂದಿದ್ದೀರಿ, ಒಂದು ಭಾಗಾಕಾರ ಬಾಕಿ. g″(1)/2. ಎರಡು ಸಲ ಅವಕಲನ ಮಾಡಿದಾಗ (x − 1)² ರಿಂದ 2 ಹೊರಬರುತ್ತದೆ, ಅದನ್ನು ತೆಗೆಯಬೇಕು. ಘಾತ 4 ರ ಕೊನೆಯ ಪದಕ್ಕೆ g‴(1)/6. ತುಂಗಾತೀರ ಅವರ ಭಾಗಾಕಾರ ಮತ್ತು ಇದು ಒಂದೇ ಕೆಲಸದ ಎರಡು ಮುಖ, ಎರಡೂ g ಯನ್ನು (x − 1) ರ ಘಾತಗಳಲ್ಲಿ ಬಿಡಿಸಿ ಬರೆಯುತ್ತವೆ. ಆದರೆ ಭಾಗಲಬ್ಧ ನಿಯಮವನ್ನು ಎರಡು ಸಲ ಹಚ್ಚುವಾಗ ಆಗುವ ಕೈತಪ್ಪುಗಳ ಲೆಕ್ಕದಲ್ಲಿ ನೋಡಿದರೆ ಭಾಗಾಕಾರವೇ ವಾಸಿ.

---

ಪಿಯು_ಎರಡನೇ_ವರ್ಷ

ಮೆಟ್ಟಿಲು ಇಳಿಯುವುದು ಅರ್ಥವಾಯಿತು. ಆದರೆ ಮನೆಯಲ್ಲಿ ಮತ್ತೆ ಮೊದಲಿನಿಂದ ಮಾಡಿದಾಗ ಸರಿಯಾದ ಜೋಡಣೆ ಇಟ್ಟರೂ ಮತ್ತೆ 12 = 0 ಬಂತು. ನಾನು ಗುಣಿಸಿ ಬರೆದದ್ದು:

```
x² + 9x + 2 = A(x − 1)(x − 1)² + B(x + 3)(x − 1)² + C(x + 3)(x − 1)
```

---

ತುಂಗಾತೀರ

ಜೋಡಣೆ ಸರಿ, ಸಾಮಾನ್ಯ ಛೇದ ತಪ್ಪು. ಮೂರು ಛೇದಗಳನ್ನೂ ಒಂದಕ್ಕೊಂದು ಗುಣಿಸಿ (x + 3)(x − 1)³ ಮಾಡಿಕೊಂಡಿದ್ದೀರಿ. ಬಲಗಡೆ ಅದರಿಂದ ಗುಣಿಸಿದಿರಿ, ಎಡಗಡೆ ಮಾತ್ರ (x + 3)(x − 1)² ನಿಂದ. (x − 1) ಒಂದು ಬಲಗಡೆ ಹೆಚ್ಚಾಯಿತು, ಅದಕ್ಕೇ x = 1 ರಲ್ಲಿ ಎಲ್ಲವೂ ಸೊನ್ನೆ. ಬೇಕಾದ್ದು ಲ.ಸಾ.ಅ., ಗುಣಲಬ್ಧ ಅಲ್ಲ. 1/2 + 1/4 ಕೂಡಿಸುವಾಗ 4 ಸಾಕು, 8 ಬೇಡ ಅನ್ನುವ ಹಾಗೆ.

ಪ್ರತಿ ಪದಕ್ಕೂ ಹೀಗೆ ಕೇಳಿಕೊಳ್ಳಿ: ಮೂಲ ಛೇದ (x + 3)(x − 1)² ಆಗಲು ಈ ಪದದ ಕೆಳಗೆ ಏನು ಕಡಿಮೆ ಇದೆ? A ಕೆಳಗೆ (x − 1)² ಕಡಿಮೆ. B ಕೆಳಗೆ (x + 3)(x − 1) ಕಡಿಮೆ. C ಕೆಳಗೆ (x + 3) ಮಾತ್ರ. ಗುಣಿಸಿದ ಮೇಲೆ ಬಲಗಡೆಯ ಯಾವ ಪದದಲ್ಲೂ ಘಾತ 2 ಮೀರಬಾರದು. ನೀವು ಬರೆದ A ಪದದಲ್ಲಿ ಘಾತ 3 ಇದೆ, ಸಾಲು ಬರೆದ ಕೂಡಲೇ ಹಿಡಿಯಬಹುದಾದ ಗುರುತು ಅದು.

---

ಪಿಯು_ಎರಡನೇ_ವರ್ಷ

ಈಗ −1, 2, 3 ಸರಿಯಾಗಿ ಬಂತು. x = 2 ಹಾಕಿ ತಾಳೆ ನೋಡಿದೆ: ಎಡಗಡೆ 24/5, ಬಲಗಡೆ −1/5 + 2 + 3 = 24/5. ಇಂಟಿಗ್ರೇಟ್ ಮಾಡಿದ್ದು:

```
−log|x + 3| + 2 log|x − 1| + 3 log (x − 1)² + c
```

---

ಮಲೆನಾಡು_ಗಣಿತ

ಮೊದಲ ಎರಡು ಪದ ಸರಿ. ಮೂರನೆಯದು ತಪ್ಪು. ಲಾಗ್ ಬರುವುದು ಕೆಳಗೆ ಘಾತ 1 ಇದ್ದಾಗ ಮಾತ್ರ. (x − 1)⁻² ಅನ್ನು ಘಾತದ ನಿಯಮದಿಂದ ಅನುಕಲಿಸಬೇಕು, −1/(x − 1) ಬರುತ್ತದೆ:

```
−log|x + 3| + 2 log|x − 1| − 3/(x − 1) + c
```

ನೀವು ಬರೆದ 3 log (x − 1)² ಅಂದರೆ 6 log|x − 1|. ಅದನ್ನು ಅವಕಲಿಸಿದರೆ 6/(x − 1) ಬರುತ್ತದೆ, 3/(x − 1)² ಬರುವುದಿಲ್ಲ. ಛೇದದಲ್ಲಿ ಪುನರಾವರ್ತನ ಇದ್ದು, ಅಂಶ ಛೇದದ ನಡುವೆ ಹೊಡೆದುಹಾಕುವುದು ಏನೂ ಉಳಿದಿಲ್ಲದಿದ್ದರೆ, ಕೊನೆಯ ಉತ್ತರದಲ್ಲಿ ಲಾಗ್ ಇಲ್ಲದ ಒಂದು ಭಿನ್ನರಾಶಿ ಪದ ಇರಲೇಬೇಕು. ಬರೀ ಲಾಗ್‌ಗಳೇ ಬಂದಿದ್ದರೆ ಮತ್ತೊಮ್ಮೆ ನೋಡಿ.

---

ಡಿಪ್ಲೊಮಾ_ಇಇ

ಮಧ್ಯೆ ಒಂದು ಸಂಶಯ. x³/(x − 1)² ಗೆ A/(x − 1) + B/(x − 1)² ಇಟ್ಟರೆ x = 1 ರಲ್ಲಿ B = 1, x = 0 ರಲ್ಲಿ A = 1. x = 2 ರಲ್ಲಿ ಎಡಗಡೆ 8, ಬಲಗಡೆ 2. ಘಾತ 2, ಅಕ್ಷರ 2. ಎಣಿಕೆ ಸರಿ ಇದೆಯಲ್ಲ?

---

ತುಂಗಾತೀರ

ಅಂಶದ ಘಾತ ಛೇದದ್ದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಆ ಎಣಿಕೆ. ಇಲ್ಲಿ 3 ಮತ್ತು 2. ಮೊದಲು ಭಾಗಿಸಿ: x + 2 + 3/(x − 1) + 1/(x − 1)². ನಿಮ್ಮ B ಮಾತ್ರ ಸರಿ ಬಂದಿದೆ, ಅತಿ ದೊಡ್ಡ ಘಾತದ ಪದ ಮುಚ್ಚಿ ನೋಡಿದಾಗ ಯಾವಾಗಲೂ ಸಿಗುತ್ತದೆ ಅನ್ನುವ ಕಾರಣಕ್ಕೆ.

---

ಸಂಜೆ_ಟ್ಯೂಷನ್

(4x + 1)/(2x − 1)² ಗೆ ಅವಕಲನದ ದಾರಿ ಹಚ್ಚಿದೆ. g(x) = 4x + 1, g(1/2) = 3, g′ = 4. ಹಾಗಾದರೆ 4/(2x − 1) + 3/(2x − 1)². x = 0 ರಲ್ಲಿ ಎಡಗಡೆ 1, ಬಲಗಡೆ −4 + 3 = −1. ತಾಳೆ ಆಗುತ್ತಿಲ್ಲ.

---

ಮಲೆನಾಡು_ಗಣಿತ

ತಾಳೆ ನೋಡಿದ್ದು ಒಳ್ಳೆಯದಾಯಿತು. (2x − 1) ಅನ್ನು ಅವಕಲಿಸಿದರೆ 1 ಬರುವುದಿಲ್ಲ, 2 ಬರುತ್ತದೆ. ಹಾಗಾಗಿ g′ ಅನ್ನು 2 ರಿಂದ ಭಾಗಿಸಬೇಕು: 4/2 = 2. ಉತ್ತರ 2/(2x − 1) + 3/(2x − 1)², x = 0 ರಲ್ಲಿ −2 + 3 = 1. ಇಂಟಿಗ್ರೇಟ್ ಮಾಡುವಾಗಲೂ ಅದೇ 2 ಮತ್ತೆ ಬರುತ್ತದೆ:

```
log|2x − 1| − 3/[2(2x − 1)] + c
```

---

ಧಾರವಾಡದಿಂದ

ನೋಡ್ರಿ, ಇಲ್ಲಿ ನನ್ನ ರೂಪಕ್ಕ ಒಡಿಯೋ ಕೆಲಸನ ಇಲ್ಲ, ಕೊಟ್ಟದ್ದ (4x + 1)/(2x − 1)² ಆಗಲೇ Bx + C ರೂಪದಾಗ ಅದ. 4x + 1 = 2(2x − 1) + 3 ಅಂತ ಮ್ಯಾಲ ಬರದ್ರ ಮುಗೀತು, ಅವಕಲನಾನೂ ಬ್ಯಾಡ, 2 ರಿಂದ ಭಾಗಿಸೋದು ಮರಿಯೋ ಭಯಾನೂ ಇಲ್ಲ.

---

ಮಲೆನಾಡು_ಗಣಿತ

ಈ ಲೆಕ್ಕದಲ್ಲಿ ನಿಮ್ಮದೇ ಚಿಕ್ಕ ದಾರಿ, ಒಪ್ಪಿದೆ. ಇದೇ ಛೇದಕ್ಕೆ (x + 3) ಒಂದು ಸೇರಿಸಿ ಎರಡು ದಾರಿಯಲ್ಲೂ ಬಿಡಿಸಿ ಹಾಕಿ, ಆಗ ಎಷ್ಟು ಸಾಲು ಬರುತ್ತದೆ ನೋಡೋಣ.